ಒಂದೇ ಪುಸ್ತಕಕ್ಕೆ 0.49, ಬೇರೆ ಬೇರೆ ಕೃತಿಗಳಿಗೆ 0.925: ಉಲ್ಲೇಖಪಟ್ಟಿಯ ಕಟ್‌ಆಫ್ ಎಲ್ಲಿಡಬೇಕು?

ಪ್ರಶ್ನೆ: ಸರ್, ಪಿಎಚ್‌ಡಿಗಾಗಿ ಮೂರು ಕಡೆಯಿಂದ ಸಂಗ್ರಹಿಸಿದ ಉಲ್ಲೇಖಗಳನ್ನು ಒಂದೇ ಪಟ್ಟಿಗೆ ಸೇರಿಸಿದ್ದೇನೆ. ಒಟ್ಟು 4,200 ನಮೂದುಗಳಿವೆ, ಕಾಲು ಭಾಗ ಕನ್ನಡದವು. ಶೀರ್ಷಿಕೆಗಳನ್ನು ಎಡಿಟ್ ಡಿಸ್ಟನ್ಸ್‌ನಿಂದ ಹೋಲಿಸಿ, ಹೋಲಿಕೆ 0.90 ದಾಟಿದರೆ ಎರಡನೆಯದನ್ನು ಅಳಿಸುವ ಸ್ಕ್ರಿಪ್ಟ್ ಬರೆದೆ. ಈಗ ನೋಡಿದರೆ ಕಣ್ಣಿಗೆ ಕಾಣುವ ನಕಲುಗಳೇ ಉಳಿದಿವೆ, ಬೇಕಾಗಿದ್ದ ಕೆಲವು ಹೋಗಿಬಿಟ್ಟಿವೆ. 0.85 ಇಡಲೇ, 0.95 ಇಡಲೇ?

ಉತ್ತರ: ಮೊದಲು ಅಳಿಸಿದ್ದನ್ನೆಲ್ಲ ವಾಪಸ್ ತನ್ನಿ. ಮೂಲ ಮೂರು ಫೈಲುಗಳು ಇನ್ನೂ ಇವೆ ಅಂದುಕೊಂಡಿದ್ದೇನೆ. ಈ ಅಂಕ ಅನುಮಾನ ಹುಟ್ಟಿಸಬಲ್ಲದೇ ಹೊರತು ತೀರ್ಪು ಕೊಡಲಾರದು. ಯಾಕೆ ಎನ್ನುವುದಕ್ಕೆ ಎರಡು ಜೋಡಿಗಳನ್ನು ಎದುರಿಗಿಟ್ಟು ಕೈಯಲ್ಲೇ ಲೆಕ್ಕ ಮಾಡೋಣ.

ಲೆವೆನ್‌ಷ್ಟೈನ್ 1965ರಲ್ಲಿ ಕೊಟ್ಟ ಅಳತೆ ಸರಳವಾದದ್ದು. ಒಂದು ಅಕ್ಷರವನ್ನು ಸೇರಿಸುವುದು, ತೆಗೆಯುವುದು, ಇಲ್ಲವೇ ಬದಲಿಸುವುದು ಒಂದೊಂದು ತಿದ್ದುಪಡಿ. ಒಂದು ಸಾಲನ್ನು ಇನ್ನೊಂದಾಗಿಸಲು ಕನಿಷ್ಠ ಎಷ್ಟು ತಿದ್ದುಪಡಿ ಬೇಕೋ ಅದೇ ದೂರ. ಅದನ್ನು ಉದ್ದದ ಸಾಲಿನ ಉದ್ದದಿಂದ ಭಾಗಿಸಿ ಒಂದರಿಂದ ಕಳೆದರೆ ಹೋಲಿಕೆಯ ಅಂಕ ಸಿಗುತ್ತದೆ:

```
1 - d(a, b) / max(len(a), len(b))
```

ಮೊದಲ ಜೋಡಿ ಇದು. ಚಿಹ್ನೆಗಳನ್ನು ತೆಗೆದು ಎಲ್ಲವನ್ನೂ ಸಣ್ಣಕ್ಷರಕ್ಕೆ ತಂದಿದ್ದೇನೆ.

```
a mathematical theory of communication
the mathematical theory of communication
```

ಮೊದಲನೆಯದು 38 ಅಕ್ಷರ, ಎರಡನೆಯದು 40. ನಡುವಿನ ಜಾಗವನ್ನೂ ಎಣಿಸಬೇಕು. `a` ಅನ್ನು `the` ಮಾಡಲು ಒಂದು ಬದಲಾವಣೆ, ಎರಡು ಸೇರ್ಪಡೆ, ಅಂದರೆ ದೂರ 3. ಅಂಕ 1 - 3/40 = 0.925. ನಿಮ್ಮ ಸ್ಕ್ರಿಪ್ಟ್ ಇದರಲ್ಲಿ ಒಂದನ್ನು ಹಿಂದೆಮುಂದೆ ನೋಡದೆ ಅಳಿಸುತ್ತದೆ. ಆದರೆ ಇವು ಎರಡು ಬೇರೆ ಪ್ರಕಟಣೆಗಳು. ಮೊದಲನೆಯದು ಕ್ಲಾಡ್ ಶಾನನ್ 1948ರಲ್ಲಿ ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲ್‌ನಲ್ಲಿ ಬರೆದ ಲೇಖನ. ಎರಡನೆಯದು 1949ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ರಕಟಣಾಲಯ ಹೊರತಂದ ಪುಸ್ತಕ. ಅದರಲ್ಲಿ ವಾರೆನ್ ವೀವರ್ ಬರೆದ ಭಾಗವೂ ಇದೆ. ಪುಟಸಂಖ್ಯೆ ಕೊಟ್ಟು ಉಲ್ಲೇಖಿಸುವವರಿಗೆ ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ.

ಎರಡನೆಯ ಜೋಡಿ ಡ್ಯಾನ್ ಗಸ್‌ಫೀಲ್ಡ್ ಅವರ 1997ರ ಪುಸ್ತಕ. ಒಬ್ಬರು ಉಪಶೀರ್ಷಿಕೆ ಸಮೇತ ನಮೂದಿಸಿದ್ದಾರೆ, ಇನ್ನೊಬ್ಬರು ಬಿಟ್ಟಿದ್ದಾರೆ.

```
algorithms on strings trees and sequences
algorithms on strings trees and sequences computer science and computational biology
```

41 ಅಕ್ಷರ ಮತ್ತು 84 ಅಕ್ಷರ. ದೂರ 43. ಅಂಕ 41/84, ಅಂದರೆ ಸುಮಾರು 0.49. ಇದು ಒಂದೇ ಪುಸ್ತಕ.

ಈಗ ನೀವೇ ಹೇಳಿ, ಕಟ್‌ಆಫ್ ಎಲ್ಲಿಟ್ಟರೆ ಈ ಎರಡೂ ಸರಿಹೋಗುತ್ತವೆ? 0.49ನ್ನು ಹಿಡಿಯಲು ಕೆಳಗಿಳಿದರೆ ಪಟ್ಟಿಯ ಅರ್ಧ ಸಿಕ್ಕಿಕೊಳ್ಳುತ್ತದೆ. 0.925ನ್ನು ಬಿಡಲು ಮೇಲೇರಿದರೆ ಸಾಮಾನ್ಯ ಬೆರಳಚ್ಚು ತಪ್ಪಿರುವ ನಕಲುಗಳೂ ಜಾರಿಹೋಗುತ್ತವೆ. 0.85ಕ್ಕೂ 0.95ಕ್ಕೂ ನಡುವೆ ಹುಡುಕಿ ಪ್ರಯೋಜನವಿಲ್ಲ. ಮೊದಲು ಅಂಕ ಸರಿಯಾಗಿ ಹುಟ್ಟುವಂತೆ ಮಾಡಬೇಕು. ಕಟ್‌ಆಫ್ ಆಮೇಲಿನ ಮಾತು, ಅದೂ ಒಂದಲ್ಲ, ಎರಡು ಬೇಕಾಗುತ್ತದೆ.

ಅಂಕ ಹಾಳಾಗುವುದು ಹೆಚ್ಚಾಗಿ ಹೋಲಿಕೆಗೆ ಮುಂಚೆ, ಸಾಲನ್ನು ಶುಚಿ ಮಾಡುವಾಗ. ಕನ್ನಡದ ನಮೂದುಗಳಿರುವುದರಿಂದ ನಿಮಗೆ ಇಲ್ಲೊಂದು ಗುಂಡಿ ಕಾದಿದೆ. ಚಿಹ್ನೆ ತೆಗೆಯಲು ಬಹುತೇಕ ಎಲ್ಲರೂ ಬರೆಯುವ ಸಾಲು ಇದು:

```python
re.sub(r"[^\w\s]", " ", s)
```

ಇಂಗ್ಲಿಷಿಗೆ ಸರಿ. ಆದರೆ ಪೈಥಾನ್‌ನ `re` ಕನ್ನಡದ ಕಾಗುಣಿತ ಚಿಹ್ನೆಗಳನ್ನೂ ಒತ್ತಕ್ಷರ ಜೋಡಿಸುವ ವಿರಾಮವನ್ನೂ `\w` ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವು ಅದರ ಕಣ್ಣಿಗೆ ಅಲ್ಪವಿರಾಮದಂತೆಯೇ ಕಸ. ಹಾಗಾಗಿ ‘ಕಾಲು’, ‘ಕೀಲಿ’, ‘ಕೋಲು’ ಮೂರೂ ಈ ಸಾಲಿನಿಂದ ‘ಕ ಲ’ ಆಗಿ ಹೊರಬರುತ್ತವೆ. ಪರಸ್ಪರ ಅಂಕ 1.0. ನಿಮ್ಮ ಪಟ್ಟಿಯಲ್ಲಿ ಕನ್ನಡದ ನಮೂದುಗಳೇ ಜಾಸ್ತಿ ಅಳಿದಿದ್ದರೆ ಕಾರಣ ಇದೇ ಇರಬಹುದು. ಶುಚಿಯಾದ ಸಾಲುಗಳನ್ನು ಒಮ್ಮೆ ಪರದೆಯ ಮೇಲೆ ಮುದ್ರಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಅದರ ಬದಲು ಯೂನಿಕೋಡ್ ತಾನೇ ಪ್ರತಿ ಅಕ್ಷರಕ್ಕೆ ಕೊಟ್ಟಿರುವ ವರ್ಗವನ್ನು ಕೇಳಿ, ಲೇಖನಚಿಹ್ನೆ ಮತ್ತು ಸಂಕೇತಗಳನ್ನು ಮಾತ್ರ ತೆಗೆಯಿರಿ:

```python
import unicodedata as u

def clean(s):
    s = u.normalize("NFC", s).casefold()
    s = s.replace("\u200c", "").replace("\u200d", "")
    s = "".join(" " if u.category(c)[0] in "PS" else c
                for c in s)
    return " ".join(s.split())
```

ಇದರಲ್ಲಿ `NFC` ಯಾಕೆ ಬಂತೆಂದರೆ, ‘ಕೋ’ ಎಂಬುದನ್ನು ಕಂಪ್ಯೂಟರು ಎರಡು ಬಗೆಯಲ್ಲಿ ಇಟ್ಟುಕೊಂಡಿರಬಹುದು. ಕ ಮತ್ತು ಓತ್ವ ಎಂಬ ಎರಡು ಸಂಕೇತ, ಇಲ್ಲವೇ ಓತ್ವವನ್ನೇ ಮೂರು ತುಂಡು ಮಾಡಿದ ಒಟ್ಟು ನಾಲ್ಕು ಸಂಕೇತ. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದು, ಆದರೆ ದೂರ 3. `NFC` ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಮಧ್ಯದ ಸಾಲು ಅರ್ಧಾಕ್ಷರಗಳ ನಡುವೆ ಕೀಬೋರ್ಡುಗಳು ತುರುಕುವ, ಕಣ್ಣಿಗೆ ಬೀಳದ ಎರಡು ಜೋಡಕ ಸಂಕೇತಗಳನ್ನು ತೆಗೆಯುತ್ತದೆ. ಇದೆಲ್ಲ ಹೋಲಿಕೆಗಾಗಿ ಮಾಡಿಕೊಂಡ ಪ್ರತಿಯ ಮೇಲೆ ಮಾತ್ರ. ಮೂಲ ನಮೂದನ್ನು ಮುಟ್ಟಬೇಡಿ. ಹಳೆಯ ಯೂನಿಕೋಡೇತರ ಫಾಂಟಿನಲ್ಲಿ ಟೈಪಾದ ನಮೂದುಗಳಿದ್ದರೆ ಮೊದಲು ಪರಿವರ್ತಿಸಿ. ಅವು ಒಳಗೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ, ಯಾವುದರ ಜೊತೆಗೂ ಹೊಂದುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ನಮ್ಮ ಪಾಲಿಗೆ ಒಂದು ತಪ್ಪಾದದ್ದು ಕಂಪ್ಯೂಟರಿಗೆ ಎರಡಾಗುವುದುಂಟು. ‘ಸಂಸ್ಕೃತಿ’ಯನ್ನು ‘ಸಂಸ್ಕ್ರತಿ’ ಎಂದು ಬರೆಯುವುದು ನಮಗೆ ಒಂದೇ ಕಾಗುಣಿತದೋಷ. ಒಳಗೆ ಋತ್ವದ ಒಂದು ಸಂಕೇತದ ಜಾಗದಲ್ಲಿ ವಿರಾಮ ಮತ್ತು ರ ಎಂಬ ಎರಡು ಬಂದಿವೆ. ದೂರ 2, ಉದ್ದ 9, ಅಂಕ 0.78. ಉದ್ದ ಶೀರ್ಷಿಕೆಯಲ್ಲಿ ಇದು ಕರಗಿಹೋಗುತ್ತದೆ, ಎರಡು ಪದದ ಶೀರ್ಷಿಕೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಕನ್ನಡದ ಮತ್ತು ಇಂಗ್ಲಿಷಿನ ನಮೂದುಗಳಿಗೆ ಕಟ್‌ಆಫ್ ಬೇರೆ ಬೇರೆ ಇರಲಿ. ಒಂದು ಶೀರ್ಷಿಕೆ ಕನ್ನಡ ಲಿಪಿಯಲ್ಲೂ ಇನ್ನೊಂದು ರೋಮನ್ ಲಿಪಿಯಲ್ಲೂ ಇದ್ದರೆ ಈ ವಿದ್ಯೆ ಪೂರ್ತಿ ನಿಷ್ಪ್ರಯೋಜಕ. ಹಾಗೆಯೇ ಒಂದು ಕಡೆ ‘ಕೆ. ವಿ. ಪುಟ್ಟಪ್ಪ’, ಇನ್ನೊಂದು ಕಡೆ ‘ಕುವೆಂಪು’ ಎಂದಿದ್ದರೆ ಯಾವ ದೂರವೂ ಅವರನ್ನು ಒಬ್ಬರೆಂದು ಹೇಳದು. ಕಾವ್ಯನಾಮಗಳಿಗೆ ಒಂದು ಸಣ್ಣ ಪಟ್ಟಿಯನ್ನು ಕೈಯಾರೆ ಮಾಡಿಕೊಳ್ಳಿ, ಒಂದು ಸಂಜೆಯ ಕೆಲಸ.

ಗಸ್‌ಫೀಲ್ಡ್ ಪುಸ್ತಕದ ಸಮಸ್ಯೆಗೆ ಮದ್ದು ಕಟ್‌ಆಫ್ ಇಳಿಸುವುದಲ್ಲ. ಶುಚಿ ಮಾಡುವ ಮುಂಚೆಯೇ ಶೀರ್ಷಿಕೆಯನ್ನು ಮೊದಲ ವಿವರಣಚಿಹ್ನೆಯಲ್ಲಿ, ಅಂದರೆ ಕೋಲನ್ ಇರುವಲ್ಲಿ ಕತ್ತರಿಸಿಟ್ಟುಕೊಳ್ಳಿ. ಶುಚಿಯಾದ ಮೇಲೆ ಆ ಚಿಹ್ನೆ ಉಳಿದಿರುವುದಿಲ್ಲ. ಒಂದು ನಮೂದಿಗೆ ಉಪಶೀರ್ಷಿಕೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಮುಖ್ಯ ಭಾಗಗಳನ್ನಷ್ಟೇ ಹೋಲಿಸಿ. ಆಗ ಆ ಜೋಡಿಯ ಅಂಕ 0.49ರಿಂದ 1.0ಕ್ಕೆ ಏರುತ್ತದೆ. ಎರಡಕ್ಕೂ ಉಪಶೀರ್ಷಿಕೆ ಇದ್ದರೆ ಮಾತ್ರ ಪೂರ್ತಿ ಸಾಲನ್ನೇ ಹೋಲಿಸಬೇಕು, ಇಲ್ಲವಾದರೆ ಸಮಗ್ರ ಸಾಹಿತ್ಯದ ಹತ್ತು ಸಂಪುಟಗಳೂ ಒಂದೇ ಆಗಿ ಕೂರುತ್ತವೆ.

ಸಂಪುಟದ ಮಾತು ಬಂತಲ್ಲ, ಅಂಕ ಅತಿ ಹೆಚ್ಚು ಮೋಸ ಮಾಡುವುದು ಅಲ್ಲೇ. 60 ಅಕ್ಷರದ ಶೀರ್ಷಿಕೆಯ ಕೊನೆಯಲ್ಲಿ 3 ಇದ್ದದ್ದು 4 ಆದರೆ ದೂರ 1, ಅಂಕ 0.98. ಎಡಿಟ್ ಡಿಸ್ಟನ್ಸ್‌ಗೆ ಎಲ್ಲ ಅಕ್ಷರಗಳೂ ಸಮಾನ. ಯಾವುದು ಅರ್ಥ ಹೊತ್ತಿದೆ, ಯಾವುದು ಬರೀ ತಪ್ಪು ಎಂಬ ಭೇದ ಅದಕ್ಕಿಲ್ಲ. ವೈದ್ಯಕೀಯ ಲೇಖನಗಳಲ್ಲಿ `hypertension`, `hypotension` ನಡುವೆ ದೂರ 2, ರೋಗ ಮಾತ್ರ ತದ್ವಿರುದ್ಧ. ಅದಕ್ಕೇ ಅಂಕಿಗಳಿಗೆ ವಿಶೇಷಾಧಿಕಾರ ಕೊಡಿ. ಎರಡೂ ಶೀರ್ಷಿಕೆಗಳಿಂದ ಸಂಖ್ಯೆಗಳನ್ನು ಹೊರತೆಗೆದು, ಅವು ಹೊಂದದಿದ್ದರೆ ಅಂಕ ಎಷ್ಟೇ ಇರಲಿ ಆ ಜೋಡಿಯನ್ನು ತಾನಾಗಿ ವಿಲೀನ ಮಾಡಬೇಡಿ, ಕಣ್ಣಿನ ಪರೀಕ್ಷೆಗೆ ಕಳಿಸಿ. ೩ ಮತ್ತು 3 ಒಂದೇ ಎಂದು ತಿಳಿಸಲು `unicodedata.digit` ಇದೆ. ‘ಸಂಪಾದಕೀಯ’, ‘ಮುನ್ನುಡಿ’ಯಂಥ ಗಿಡ್ಡ ಶೀರ್ಷಿಕೆಗಳಿಗೂ ಇದೇ ನಿಯಮ. ಅವು 1.0 ಬಂದರೂ ಏನೂ ಹೇಳಿದಂತಲ್ಲ.

ಕಟ್‌ಆಫ್ ಇಡುವ ಮುಂಚೆ ಯಾವ ಫಂಕ್ಷನ್ ಕರೆಯುತ್ತಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ. ರ‍್ಯಾಪಿಡ್‌ಫಜ್ ಲೈಬ್ರರಿಯಲ್ಲಿ `Levenshtein.normalized_similarity` ಮೇಲಿನ ಸೂತ್ರದಂತೆಯೇ ನಡೆಯುತ್ತದೆ. ಅದೇ ಲೈಬ್ರರಿಯ `fuzz.ratio` ಮಾತ್ರ ಅಕ್ಷರ ಬದಲಾವಣೆಯನ್ನು ಒಂದು ತೆಗೆತ, ಒಂದು ಸೇರ್ಪಡೆ ಎಂದು ಎರಡಾಗಿ ಎಣಿಸಿ, ಎರಡೂ ಉದ್ದಗಳ ಮೊತ್ತದಿಂದ ಭಾಗಿಸುತ್ತದೆ. ಶಾನನ್ ಜೋಡಿಗೆ ಅಲ್ಲಿ ಬರುವುದು 1 - 4/78, ನೂರಕ್ಕೆ ಸುಮಾರು 94.9. ಒಂದೇ ಜೋಡಿ, ಎರಡು ಅಂಕ. ಯಾರೋ ‘ನಾನು 95 ಇಟ್ಟುಕೊಂಡಿದ್ದೇನೆ’ ಎಂದರೆ ಯಾವ ತಕ್ಕಡಿಯಲ್ಲಿ ತೂಗಿದ 95 ಎಂದು ಮೊದಲು ಕೇಳಬೇಕು.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರೋಣ. 4,200 ನಮೂದುಗಳಿಂದ 88 ಲಕ್ಷ ಜೋಡಿಗಳಾಗುತ್ತವೆ. ದೊಡ್ಡ ಸಂಖ್ಯೆಯಂತೆ ಕಂಡರೂ ರ‍್ಯಾಪಿಡ್‌ಫಜ್‌ಗೆ ಭಾರವಲ್ಲ, ಮಾಮೂಲಿ ಲ್ಯಾಪ್‌ಟಾಪ್ ಸಾಕು. ವರ್ಷದ ಪ್ರಕಾರ, ಮೊದಲ ಅಕ್ಷರದ ಪ್ರಕಾರ ಗುಂಪು ಮಾಡಿ ಜೋಡಿಗಳನ್ನು ಕಡಿಮೆ ಮಾಡಿಕೊಳ್ಳುವ ಉಪಾಯ ಲಕ್ಷಾಂತರ ನಮೂದುಗಳಿರುವವರಿಗೆ ಇರಲಿ. ಮೊದಲ ಅಕ್ಷರವೇ ತಪ್ಪಿದ್ದರೆ ಆ ಗುಂಪುಗಾರಿಕೆಯಲ್ಲಿ ನಕಲು ಸಿಗುವುದೇ ಇಲ್ಲ. ಎಲ್ಲ ಜೋಡಿಗಳಿಗೂ ಅಂಕ ಹಾಕಿ 0.60ರ ಮೇಲಿನವನ್ನು ಒಂದು ಫೈಲಿಗೆ ಬರೆಸಿ.

ಆ ಫೈಲಿನಿಂದ ಕಣ್ಣುಮುಚ್ಚಿ ಮುನ್ನೂರು ಜೋಡಿ ಎತ್ತಬೇಡಿ. ಕೆಳಗಿನ ಅಂಕಗಳಲ್ಲೇ ಜೋಡಿಗಳು ಕಿಕ್ಕಿರಿದಿರುವುದರಿಂದ ನಿಮಗೆ ಸಿಗುವುದೆಲ್ಲ ಅವೇ. ಬದಲಿಗೆ 0.05ಕ್ಕೊಂದರಂತೆ ಎಂಟು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿಯೊಂದರಿಂದ 40 ಜೋಡಿ ಎತ್ತಿಕೊಳ್ಳಿ. ಅಂಕದ ಕಾಲಂ ಮುಚ್ಚಿಟ್ಟು, ಲೇಖಕ, ವರ್ಷ, ಪತ್ರಿಕೆ, ಪುಟ ಎಲ್ಲ ನೋಡಿ ‘ಒಂದೇ’ ಅಥವಾ ‘ಬೇರೆ’ ಎಂದು ಗುರುತು ಹಾಕಿ. ಅಂಕ ಕಣ್ಣಿಗೆ ಬಿದ್ದರೆ ಮನಸ್ಸು ಅದರ ಕಡೆಗೇ ವಾಲುತ್ತದೆ, ಇದು ನನ್ನ ಮೇಲೇ ನಾನು ಕಂಡುಕೊಂಡದ್ದು. ಒಂದು ಜೋಡಿಗೆ ಇಪ್ಪತ್ತು ಸೆಕೆಂಡೆಂದರೂ 320 ಜೋಡಿಗೆ ಎರಡು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಕನ್ನಡಕ್ಕೆ ಇದನ್ನೇ ಪ್ರತ್ಯೇಕವಾಗಿ ಇನ್ನೊಮ್ಮೆ ಮಾಡಿ.

ಇದರಿಂದ ಹೊರಡುವ ಲೆಕ್ಕ ಹೇಗಿರುತ್ತದೆಂದು ತೋರಿಸಲು ಅಂಕಿಗಳನ್ನು ಸುಮ್ಮನೆ ಇಟ್ಟುಕೊಳ್ಳುತ್ತೇನೆ. 0.80ರಿಂದ 0.85ರ ಪಟ್ಟಿಯಲ್ಲಿ 210 ಜೋಡಿಗಳಿವೆ, ನೀವು ಓದಿದ 40ರಲ್ಲಿ 6 ನಿಜವಾದ ನಕಲು ಅಂದುಕೊಳ್ಳಿ. ಹಾಗಾದರೆ ಇಡೀ ಪಟ್ಟಿಯಲ್ಲಿ ಸುಮಾರು 31 ಇರಬಹುದು. 210ನ್ನು ಕೂತು ಓದಿದರೆ 31 ಸಿಗುತ್ತವೆ, ಲಾಭದ ವ್ಯಾಪಾರ. 0.70ರಿಂದ 0.75ರಲ್ಲಿ 3,000 ಜೋಡಿ, ಓದಿದ 40ರಲ್ಲಿ ಒಂದೇ ನಕಲು. ಅಲ್ಲಿ ಅಂದಾಜು 75 ನಕಲುಗಳು ಅಡಗಿವೆ, ಮೇಲಿನ ಪಟ್ಟಿಗಿಂತ ಹೆಚ್ಚು! ಆದರೂ 3,000 ಓದಲು ಯಾರಿಗೂ ಪುರುಸೊತ್ತಿಲ್ಲ. ಇಂಥ ಕಡೆ ಕಟ್‌ಆಫ್ ಇಳಿಸುವ ಬದಲು ಸಿಕ್ಕ ಆ ಒಂದು ನಕಲನ್ನು ದಿಟ್ಟಿಸಿ ನೋಡಿ. ಅದು ಅಷ್ಟು ಕೆಳಗೆ ಯಾಕೆ ಬಿತ್ತು? ಉಪಶೀರ್ಷಿಕೆಯೋ, ಲೇಖಕರ ಹೆಸರು ಶೀರ್ಷಿಕೆಯೊಳಗೆ ನುಗ್ಗಿದೆಯೋ, ಒಬ್ಬರು ಹೆಸರನ್ನು ಸಂಕ್ಷೇಪ ಮಾಡಿದ್ದಾರೋ? ಕಾರಣ ಸಿಕ್ಕರೆ ಅದನ್ನು ಶುಚಿ ಮಾಡುವ ಹಂತಕ್ಕೆ ಸೇರಿಸಿ ಮತ್ತೆ ಅಂಕ ಹಾಕಿಸಿ. ಅದೇ ಬಗೆಯ ನಕಲುಗಳು ಒಟ್ಟಿಗೆ ಮೇಲೆದ್ದು ಬರುತ್ತವೆ.

ಓದಿದರೆ ಲಾಭವಿರುವ ಪಟ್ಟಿಗಳು ಎಲ್ಲಿಗೆ ಮುಗಿಯುತ್ತವೋ ಅದು ನಿಮ್ಮ ಕೆಳಗಿನ ಕಟ್‌ಆಫ್. ಅದು ನಿಮ್ಮ ಸಮಯದ ಮೇಲೆ ನಿಂತಿರುವುದು, ಗಣಿತದ ಮೇಲಲ್ಲ. ಮೇಲಿನ ಕಟ್‌ಆಫ್, ಅಂದರೆ ಕಣ್ಣು ಹಾಯಿಸದೆ ವಿಲೀನ ಮಾಡಬಹುದಾದ ಅಂಕ, ಬೇರೆಯದೇ ಕಥೆ. 0.95ರ ಮೇಲೆ 40 ಓದಿ ನಲವತ್ತಕ್ಕೆ ನಲವತ್ತೂ ನಕಲೇ ಬಂದರೆ ಅಲ್ಲಿ ತಪ್ಪೇ ಇಲ್ಲ ಎಂದು ನಂಬಬೇಡಿ. ಒಂದೂ ತಪ್ಪು ಕಾಣದಿದ್ದಾಗ 3ನ್ನು ಓದಿದ ಸಂಖ್ಯೆಯಿಂದ ಭಾಗಿಸಿ ಎನ್ನುವುದು ಸಂಖ್ಯಾಶಾಸ್ತ್ರದವರ ಹಳೆಯ ಕೈಲೆಕ್ಕ. 3/40 ಅಂದರೆ ನೂರಕ್ಕೆ 7.5. ಅಷ್ಟು ಪ್ರಮಾಣದ ತಪ್ಪು ಅಲ್ಲಿ ಇನ್ನೂ ಅಡಗಿರಬಹುದು ಎಂದರ್ಥ. ನೂರಕ್ಕೆ ಒಂದರೊಳಗಿದೆ ಎಂದು ಹೇಳಬೇಕಾದರೆ 300 ಓದಿ ಒಂದೂ ತಪ್ಪಿಲ್ಲದಿರಬೇಕು. ನಿಮ್ಮ ಪಟ್ಟಿಯಲ್ಲಿ ಆ ಎತ್ತರದಲ್ಲಿ ಒಟ್ಟು 300 ಜೋಡಿಗಳೇ ಇಲ್ಲದಿದ್ದರೆ ತಾನಾಗಿ ವಿಲೀನ ಮಾಡುವ ಆಸೆಯನ್ನೇ ಬಿಡಿ, ಎಲ್ಲವನ್ನೂ ಓದಿಬಿಡಿ. ನಿಮ್ಮ ಗಾತ್ರದ ಪಟ್ಟಿಗೆ ನಾನಂತೂ ಅದನ್ನೇ ಮಾಡುತ್ತಿದ್ದೆ. ತಾನಾಗಿ ಒಂದಾಗಲು ಬಿಡುವುದು ಪ್ರಕಟಣೆಯ ಶಾಶ್ವತ ಗುರುತಾದ ಡಿಒಐ ಅಕ್ಷರಶಃ ಹೊಂದಿದವುಗಳನ್ನು ಮಾತ್ರ. ಅದಕ್ಕೂ ಮುಂಚೆ `https://doi.org/` ಮುಂತಾದ ಪೂರ್ವಪದ ತೆಗೆದು ಸಣ್ಣಕ್ಷರ ಮಾಡಿಕೊಳ್ಳಿ, ಡಿಒಐನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ.

ಲೇಖಕ ಮತ್ತು ವರ್ಷವನ್ನು ಸಾಕ್ಷಿಯಾಗಿ ಸೇರಿಸಿದರೆ ಸಾಕಲ್ಲವೇ ಎಂದು ನಿಮಗೆ ಅನಿಸಿರಬಹುದು. ಬಹಳಷ್ಟು ಸಲ ಸಾಕು. ಮೊದಲ ಲೇಖಕರ ಕುಲನಾಮ ಒಂದೇ ಇರಬೇಕು, ವರ್ಷದಲ್ಲಿ ಒಂದರ ವ್ಯತ್ಯಾಸ ನಡೆಯುತ್ತದೆ ಎಂಬ ನಿಯಮ ಒಳ್ಳೆಯದೇ. ಆನ್‌ಲೈನಿನಲ್ಲಿ ಡಿಸೆಂಬರಿಗೆ ಬಂದು ಅಚ್ಚಿನಲ್ಲಿ ಜನವರಿಗೆ ಬರುವ ಲೇಖನಗಳಿಗಾಗಿ ಆ ಒಂದು ವರ್ಷದ ಸಡಿಲ ಬೇಕು. ಆದರೆ ಶಾನನ್ ಜೋಡಿಯನ್ನು ಆ ನಿಯಮದ ಮುಂದೆ ನಿಲ್ಲಿಸಿ ನೋಡಿ. ಮೊದಲ ಲೇಖಕ ಒಬ್ಬರೇ. 1948, 1949, ವ್ಯತ್ಯಾಸ ಒಂದೇ. ಶೀರ್ಷಿಕೆಯ ಅಂಕ 0.925. ಮೂರೂ ಪಾಸು! ತಡೆಯುವುದು ನಮೂದಿನ ಬಗೆ ಮಾತ್ರ: ಒಂದು `article`, ಇನ್ನೊಂದು `book`. ಹಾಗಾಗಿ ಬಗೆ ಬೇರೆಯಾಗಿದ್ದರೆ ಓದುವ ಪಟ್ಟಿಗೆ ಕಳಿಸಿ. ಪುಟಸಂಖ್ಯೆ ಬೇರೆಯಾದರೂ ಹಾಗೆಯೇ, ಆದರೆ ಅದನ್ನು ಕಂಡ ಕೂಡಲೇ ಬೇರೆ ಕೃತಿ ಎಂದುಕೊಳ್ಳಬೇಡಿ. ಶಾನನ್ ಲೇಖನ ಜುಲೈ ಮತ್ತು ಅಕ್ಟೋಬರ್ ಸಂಚಿಕೆಗಳಲ್ಲಿ ಎರಡು ಕಂತಾಗಿ ಬಂದದ್ದು, 379–423 ಮತ್ತು 623–656. ಒಬ್ಬರು ಮೊದಲ ಕಂತನ್ನು ಮಾತ್ರ ಕೊಟ್ಟಿರುತ್ತಾರೆ, ಇನ್ನೊಬ್ಬರು ಎರಡನ್ನೂ.

ಒಂದು ಕಡೆ ಮಾತ್ರ ಸ್ಕ್ರಿಪ್ಟನ್ನು ತಿದ್ದಲೇಬೇಕು. ನಕಲುಗಳನ್ನು ಗುಂಪು ಮಾಡುವಾಗ ‘ಇದರ ನೆಂಟ, ಅದರ ನೆಂಟ’ ಎಂದು ಸರಪಳಿ ಹಾಕುವುದು ರೂಢಿ. ಪಟ್ಟಿಯಲ್ಲಿ ಯಾರೋ ಆರಂಭದ `a` ಬಿಟ್ಟು ಬರೀ `mathematical theory of communication` ಎಂದು ಬರೆದ ಮೂರನೆಯ ನಮೂದೊಂದು ಇದೆ ಅನ್ನಿ. ಅದು 36 ಅಕ್ಷರ. ಲೇಖನದ ಜೊತೆ ದೂರ 2, ಅಂಕ 0.947. ಪುಸ್ತಕದ ಜೊತೆ ದೂರ 4, ಅಂಕ ಸರಿಯಾಗಿ 0.90. ಕಟ್‌ಆಫ್ 0.90 ಆಗಿದ್ದು `>=` ಎಂದು ಬರೆದಿದ್ದರೆ ಈ ಮಧ್ಯದವನು ಇಬ್ಬರ ಕೈಯನ್ನೂ ಹಿಡಿದು ಮೂರನ್ನೂ ಒಂದು ಗುಂಪಿಗೆ ಎಳೆಯುತ್ತಾನೆ. ಲೇಖನ, ಪುಸ್ತಕಗಳ ನೇರ ಜೋಡಿಯನ್ನು ನೀವು ಬಗೆ ನೋಡಿ ತಡೆದಿದ್ದರೂ ಹಿಂಬಾಗಿಲಿನಿಂದ ಅವು ಸೇರಿಕೊಂಡವು. ಮೂರು ಅಥವಾ ಹೆಚ್ಚು ನಮೂದುಗಳಿರುವ ಪ್ರತಿ ಗುಂಪನ್ನೂ ಬಿಡಿಸಿ, ಒಳಗೆ ‘ಬೇರೆ’ ಎಂದು ಗುರುತಾದ ಅಥವಾ ಬಗೆ ಹೊಂದದ ಜೋಡಿ ಇದೆಯೇ ನೋಡಿ. ಇದ್ದರೆ ಗುಂಪು ಒಡೆಯಬೇಕು. ಮಧ್ಯದವನು ಯಾರ ಕಡೆ ಎಂಬುದನ್ನು ಅವನ ವರ್ಷ, ಪುಟ, ಪ್ರಕಾಶಕರೇ ಹೇಳಬೇಕು. ಅವೂ ಇಲ್ಲದ ಅನಾಥ ನಮೂದಾದರೆ ಅದನ್ನು ಉಲ್ಲೇಖಿಸಿದ ಮೂಲ ಬರಹವನ್ನೇ ತೆರೆಯದೆ ಬೇರೆ ದಾರಿಯಿಲ್ಲ.

ವಿಲೀನ ಮಾಡುವಾಗ ಯಾವುದನ್ನೂ ಅಳಿಸಬೇಡಿ. ಪ್ರತಿ ನಮೂದಿಗೂ ಒಂದು ಗುಂಪುಸಂಖ್ಯೆಯ ಕಾಲಂ ಕೊಟ್ಟು, ಗುಂಪಿಗೊಂದನ್ನು ಮುಖ್ಯವೆಂದು ಗುರುತಿಸಿದರೆ ಸಾಕು. ಜೊತೆಗೆ ನೀವು ‘ಬೇರೆ’ ಎಂದು ತೀರ್ಮಾನಿಸಿದ ಜೋಡಿಗಳ ಗುರುತುಗಳನ್ನೂ ಒಂದು ಸಣ್ಣ ಫೈಲಿನಲ್ಲಿ ಉಳಿಸಿ, ಸ್ಕ್ರಿಪ್ಟು ಶುರುವಿನಲ್ಲೇ ಅದನ್ನು ಓದುವಂತೆ ಮಾಡಿ. ಮುಂದಿನ ತಿಂಗಳು ಇನ್ನೂರು ಹೊಸ ನಮೂದುಗಳನ್ನು ಸೇರಿಸಿದಾಗ ಶಾನನ್ನರ ಲೇಖನವೂ ಪುಸ್ತಕವೂ ಮತ್ತೆ ನಿಮ್ಮ ಮುಂದೆ ಬಂದು ನಿಲ್ಲುವುದಿಲ್ಲ.